ಮೀನಿನ ಬೆಲೆ ಇಳಿಸಿ, ಚಿಕನ್ ಬೆಲೆ ಏರಿಸಿ: ಎಲ್ಲ ಐಟಂಗೂ ಒಂದೇ ಫುಡ್ ಕಾಸ್ಟ್ ಯಾಕೆ ಬೇಡ

ಪ್ರಶ್ನೆ: ನನ್ನದು ಚಿಕ್ಕ ರೆಸ್ಟೋರೆಂಟ್. ಮೇನ್ ಕೋರ್ಸ್‌ನಲ್ಲಿ ನಾಲ್ಕೇ ಐಟಂ. ಪ್ರತಿಯೊಂದಕ್ಕೂ 30% ಫುಡ್ ಕಾಸ್ಟ್ ಇಟ್ಟು ಬೆಲೆ ಹಾಕಿದ್ದೇನೆ: ಟೊಮ್ಯಾಟೊ ಪಾಸ್ತಾ 50, ಮಶ್ರೂಮ್ ಪಾಸ್ತಾ 70, ಗ್ರಿಲ್ಡ್ ಚಿಕನ್ 110, ಮೀನು 220. ನೂರು ಪ್ಲೇಟ್ ಹೋದರೆ ಅದರಲ್ಲಿ ಮೀನು ನಾಲ್ಕೇ. ತಂದದ್ದರಲ್ಲಿ ಅರ್ಧ ಹಾಳಾಗುತ್ತದೆ. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಫುಡ್ ಕಾಸ್ಟ್ 36% ಬರುತ್ತಿದೆ. ಮೀನನ್ನು ಮೆನುವಿನಿಂದ ತೆಗೆದುಬಿಡಲೇ?

ಉತ್ತರ: ತೆಗೆಯಬೇಡಿ. ಮೀನಿನ ಬೆಲೆಯನ್ನು 175ರ ಹತ್ತಿರಕ್ಕೆ ಇಳಿಸಿ. ಚಿಕನ್ ಮತ್ತು ಮಶ್ರೂಮ್ ಪಾಸ್ತಾದ ಬೆಲೆ ಸ್ವಲ್ಪ ಏರಿಸಿ. ಟೊಮ್ಯಾಟೊ ಪಾಸ್ತಾ ಈಗ ಇದ್ದ ಹಾಗೇ ಇರಲಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು 30% ಅನ್ನೋ ಸಂಖ್ಯೆಯ ವಿಷಯ. ಫುಡ್ ಕಾಸ್ಟ್ ಅಂದರೆ ಒಂದು ಪ್ಲೇಟ್‌ಗೆ ಹೋದ ಸಾಮಾನಿನ ಖರ್ಚು, ಅದರ ಮಾರಾಟದ ಬೆಲೆಯಲ್ಲಿ ಎಷ್ಟು ಭಾಗ ಅನ್ನೋದು. ಬೆಲೆ ಅಂದಾಗ ತೆರಿಗೆ ಕಳೆದ ಬೆಲೆ ತೆಗೆದುಕೊಳ್ಳಬೇಕು, ಯಾಕೆಂದರೆ ತೆರಿಗೆ ನಿಮ್ಮ ದುಡ್ಡಲ್ಲ. ಹೆಚ್ಚಿನ ರೆಸ್ಟೋರೆಂಟ್‌ಗಳು ಇದನ್ನು 28ರಿಂದ 35%ರ ಒಳಗೆ ಇಟ್ಟುಕೊಳ್ಳಲು ನೋಡುತ್ತವೆ. ಆದರೆ ಅದು ಇಡೀ ಮೆನುವಿನ ಸರಾಸರಿ. ಅದನ್ನೇ ಪ್ರತಿ ಐಟಂ ಮೇಲೂ ಹೇರಿದರೆ ಲೆಕ್ಕ ತಪ್ಪುತ್ತದೆ.

ಹೇಗೆ ಅಂತ ನಿಮ್ಮ ಮೆನುವಿನಲ್ಲೇ ನೋಡಿ. ನಿಮ್ಮ ಲೆಕ್ಕದ ಪ್ರಕಾರ ಟೊಮ್ಯಾಟೊ ಪಾಸ್ತಾದ ಸಾಮಾನು 15, ಮಶ್ರೂಮ್ ಪಾಸ್ತಾದ್ದು 21, ಚಿಕನ್ನಿನದು 33, ಮೀನಿನದು 66. ಸಾಮಾನಿನ ಖರ್ಚು ಕಳೆದರೆ ಟೊಮ್ಯಾಟೊ ಪಾಸ್ತಾ ತಿಂದವರಿಂದ 35 ಉಳಿಯುತ್ತದೆ, ಮೀನು ತಿಂದವರಿಂದ 154 ಉಳಿಯುತ್ತದೆ. ಇಬ್ಬರೂ ಕೂತದ್ದು ಒಂದೇ ಥರದ ಕುರ್ಚಿ. ಬಾಡಿಗೆ, ಸಂಬಳ, ಕರೆಂಟು, ತಟ್ಟೆ ತೊಳೆಯೋದು, ಎಲ್ಲ ಹೆಚ್ಚುಕಮ್ಮಿ ಒಂದೇ. ಮೀನು ತಿನ್ನುವವರು ಪಾಸ್ತಾ ತಿನ್ನುವವರ ನಾಲ್ಕು ಪಟ್ಟಿಗಿಂತ ಜಾಸ್ತಿ ಬಾಡಿಗೆ ಹೊರಬೇಕು ಅನ್ನೋದಕ್ಕೆ ಕಾರಣವೇ ಇಲ್ಲ. ಸಾಮಾನು ದುಬಾರಿ ಆದಷ್ಟೂ ಒಂದೇ ಶೇಕಡಾವಾರು ಬೆಲೆಯನ್ನು ಸುಮ್ನೆ ಮೇಲಕ್ಕೆ ಎಳೆಯುತ್ತದೆ. ಅಗ್ಗದ ಸಾಮಾನಿನ ಐಟಂಗೆ ಬೇಕಾದ್ದಕ್ಕಿಂತ ಕಡಿಮೆ ಬೆಲೆ ಕೂರಿಸುತ್ತದೆ.

ಹಾಗಾಗಿ ಬೆಲೆ ಇಡುವಾಗ ಎರಡು ಸಂಖ್ಯೆ ಅಕ್ಕಪಕ್ಕ ಇರಲಿ. ಒಂದು ಶೇಕಡಾ. ಇನ್ನೊಂದು ಪ್ಲೇಟ್‌ಗೆ ಉಳಿಯುವ ದುಡ್ಡು, ಅಂದರೆ ಬೆಲೆಯಲ್ಲಿ ಸಾಮಾನಿನ ಖರ್ಚು ಕಳೆದದ್ದು. ಇದನ್ನು ಮುಂದೆ ಉಳಿಕೆ ಅಂತ ಕರೆಯುತ್ತೇನೆ. ಬಾಡಿಗೆ ಕಟ್ಟೋದು ಉಳಿಕೆಯಿಂದ, ಶೇಕಡಾದಿಂದ ಅಲ್ಲ.

ಮುಂದೆ ಹೋಗುವ ಮೊದಲು ಆ 66 ನಿಜವಾಗಿ 66 ಹೌದಾ ಅಂತ ಖಚಿತ ಮಾಡಿಕೊಳ್ಳಬೇಕು. ತಪ್ಪು ಖರ್ಚಿನ ಮೇಲೆ ಎಷ್ಟು ಚೆಂದ ಬೆಲೆ ಕಟ್ಟಿದರೂ ಪ್ರಯೋಜನ ಇಲ್ಲ. ಇಡೀ ಮೀನು ಕಿಲೋಗೆ 120ರಂತೆ ತಂದಿರಿ ಅಂದುಕೊಳ್ಳಿ. ಒಂದು ಕಿಲೋ ಮೀನನ್ನು ತಕ್ಕಡಿ ಮೇಲಿಡಿ. ಹೊಟ್ಟೆ, ತಲೆ, ಮುಳ್ಳು, ಚರ್ಮ ತೆಗೆದ ಮೇಲೆ ಮತ್ತೆ ತೂಗಿ. 450 ಗ್ರಾಂ ಬಂತು ಅಂದರೆ ಇಳುವರಿ 45%. ಈಗ ತಿನ್ನುವ ಭಾಗದ ಬೆಲೆ ಕಿಲೋಗೆ 120 ಅಲ್ಲ. 120ನ್ನು 0.45ರಿಂದ ಭಾಗಿಸಬೇಕು, ಸುಮಾರು 267 ಆಗುತ್ತದೆ. ಪ್ಲೇಟ್‌ಗೆ 180 ಗ್ರಾಂ ಹಾಕಿದರೆ ಮೀನಿಗೇ 48. ಬೆಣ್ಣೆ, ನಿಂಬೆ, ಪಕ್ಕದ ತರಕಾರಿ, ಮೇಜಿನ ಮೇಲೆ ಬಿಟ್ಟಿಯಾಗಿ ಇಡುವ ಬ್ರೆಡ್ಡು, ಎಲ್ಲ ಸೇರಿ 18. ಅಲ್ಲಿಗೆ 66. ಇಳುವರಿ ನೋಡದೆ ತಂದ ರೇಟಿನಲ್ಲೇ ಲೆಕ್ಕ ಹಾಕಿದ್ದರೆ ಇದೇ ಪ್ಲೇಟು 40ರ ಒಳಗೆ ಮುಗಿಯುತ್ತಿತ್ತು. ಬೇರೆ ಬೇರೆ ಮೀನಿಗೆ ಇಳುವರಿ ಬೇರೆ. ಕತ್ತರಿಸುವವರ ಕೈ ಮೇಲೂ ಅದು ನಿಂತಿರುತ್ತದೆ. ಆದ್ದರಿಂದ ಬೇರೆಯವರ ಪಟ್ಟಿಯ ಸಂಖ್ಯೆ ಎತ್ತಿಕೊಳ್ಳಬೇಡಿ, ನಿಮ್ಮ ಅಡುಗೆಮನೆಯಲ್ಲೇ ತೂಗಿ. ಮೀನಿಗೆ ಇದನ್ನು ಮಾಡುವವರು ಚಿಕನ್‌ಗೆ ಮರೆಯುತ್ತಾರೆ. ಮಶ್ರೂಮ್ ಬಾಣಲೆಯಲ್ಲಿ ನೀರು ಬಿಟ್ಟು ಎಷ್ಟು ಕುಗ್ಗುತ್ತದೆ ಅನ್ನೋದನ್ನಂತೂ ತುಂಬಾ ಜನ ನೋಡುವುದೇ ಇಲ್ಲ.

ಈಗ ನಿಮ್ಮ 36%ಗೆ ಬರೋಣ. ಪ್ಲೇಟ್ ಲೆಕ್ಕದಿಂದ ಬರೋದು ಕಾಗದದ ಫುಡ್ ಕಾಸ್ಟ್. ತಿಂಗಳ ಮೊದಲ ದಿನದ ಸ್ಟಾಕ್‌ಗೆ ಖರೀದಿ ಕೂಡಿಸಿ, ಕೊನೆಯ ದಿನದ ಸ್ಟಾಕ್ ಕಳೆದು, ಮಾರಾಟದಿಂದ ಭಾಗಿಸಿದರೆ ಬರೋದು ನಿಜವಾದ ಫುಡ್ ಕಾಸ್ಟ್. ಎರಡರ ನಡುವೆ ಒಂದೆರಡು ಪಾಯಿಂಟ್ ವ್ಯತ್ಯಾಸ ಇದ್ದೇ ಇರುತ್ತದೆ. ನಿಮ್ಮದರಲ್ಲಿ ಆರು ಇದೆ. ಅದು ಎಲ್ಲಿ ಹೋಗುತ್ತಿದೆ?

ನೂರು ಪ್ಲೇಟ್ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಟೊಮ್ಯಾಟೊ ಪಾಸ್ತಾ 38, ಮಶ್ರೂಮ್ ಪಾಸ್ತಾ 34, ಚಿಕನ್ 24, ಮೀನು 4 ಹೋದರೆ ಮಾರಾಟ 7,800. ಕಾಗದದ ಖರ್ಚು 2,340. ಸರಿಯಾಗಿ 30%. ನಿಜವಾದ ಖರ್ಚು 36% ಅಂದರೆ 2,808. ಅಂದರೆ 468 ಎಲ್ಲೋ ಸೋರುತ್ತಿದೆ. ನಾಲ್ಕು ಪ್ಲೇಟ್ ಮೀನು ಮಾರಿ ನಾಲ್ಕು ಪ್ಲೇಟಿನಷ್ಟು ಎಸೆಯುತ್ತಿದ್ದೀರಿ. ಅದೇ 264. ಸೋರಿಕೆಯ ಅರ್ಧಕ್ಕಿಂತ ಜಾಸ್ತಿ ಮೀನೊಂದರಲ್ಲೇ ಇದೆ. ಉಳಿದ 204 ಬಹುಶಃ ಪಾಸ್ತಾದಲ್ಲಿರುತ್ತದೆ. ನೂರರಲ್ಲಿ 72 ಪ್ಲೇಟು ಪಾಸ್ತಾ, ಪ್ಲೇಟ್‌ಗೆ ಮೂರಕ್ಕಿಂತ ಕಡಿಮೆ ಬಂತು. ಚೀಸನ್ನು ಕೈಯಲ್ಲಿ ಹಿಡಿದು ಉದುರಿಸುತ್ತಿದ್ದರೆ ಅಷ್ಟು ಹೋಗೋದು ಏನೂ ಕಷ್ಟ ಅಲ್ಲ. ಒಂದು ದಿನ ಬೆಳಿಗ್ಗೆ ಚೀಸ್ ಡಬ್ಬಿ ತೂಗಿ, ರಾತ್ರಿ ಮತ್ತೆ ತೂಗಿ, ಹೋದ ಪ್ಲೇಟಿನಿಂದ ಭಾಗಿಸಿ. ರೆಸಿಪಿ ಕಾರ್ಡಿನಲ್ಲಿ ಬರೆದ ಗ್ರಾಂಗೂ ಅದಕ್ಕೂ ಎಷ್ಟು ಅಂತರ ಅಂತ ಗೊತ್ತಾಗುತ್ತದೆ. ಅಳತೆಯ ಚಮಚ ಕೊಟ್ಟರೆ ಮುಗಿಯಿತು, ಬೆಲೆ ಮುಟ್ಟುವ ಅಗತ್ಯ ಇಲ್ಲ.

ಮೀನಿಗೆ ಮಾತ್ರ ಬೆಲೆಯೇ ಔಷಧ. ದಿನವೂ ತರುವುದು ಎಂಟು ಪ್ಲೇಟಿನಷ್ಟು ಮೀನು, ಅದರ ಖರ್ಚು 528 ಅಂದುಕೊಳ್ಳಿ. 220ಕ್ಕೆ ನಾಲ್ಕು ಮಾರಿದರೆ 880 ಬಂತು. ಉಳಿಕೆ 352. ಕಾಗದದಲ್ಲಿ 30% ಅಂತಿರುವ ಈ ಐಟಂನ ನಿಜವಾದ ಫುಡ್ ಕಾಸ್ಟ್ 60%! ಅದೇ ಮೀನನ್ನು 175ಕ್ಕೆ ಇಟ್ಟರೆ ಕಾಗದದಲ್ಲಿ ಸುಮಾರು 38% ತೋರಿಸುತ್ತದೆ. ನೋಡಿದ ಕೂಡಲೇ ಹೆದರಿಕೆ ಆಗುತ್ತದೆ. ಆದರೆ ಐದು ಪ್ಲೇಟ್ ಹೋದರೆ ಉಳಿಕೆ 347. ಆರು ಹೋದರೆ 522. ಎಂಟೂ ಹೋದರೆ 872. ಅಂದರೆ ಒಂದೇ ಒಂದು ಪ್ಲೇಟ್ ಜಾಸ್ತಿ ಹೋದರೆ ಈಗಿನ ಸ್ಥಿತಿಗೆ ಹೆಚ್ಚುಕಮ್ಮಿ ಸಮ, ಅದರ ಮೇಲಿನದೆಲ್ಲ ಲಾಭ. ಬೇಗ ಕೆಡುವ ದುಬಾರಿ ಸಾಮಾನಿಗೆ ಜಾಸ್ತಿ ಶೇಕಡಾ ಬಿಟ್ಟುಕೊಡಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಇಷ್ಟು ಮೀನಿನ ಸ್ವಂತ ಲೆಕ್ಕ. ಅದು ಉಳಿದ ಐಟಂಗಳಿಗೆ ಮಾಡುವ ಕೆಲಸ ಇನ್ನೂ ದೊಡ್ಡದು.

ಗಿರಾಕಿಗೆ ನಿಮ್ಮ ಸಾಮಾನಿನ ಖರ್ಚು ಗೊತ್ತಿಲ್ಲ. ಗ್ರಿಲ್ಡ್ ಚಿಕನ್‌ಗೆ 110 ಜಾಸ್ತಿಯೋ ಕಡಿಮೆಯೋ ಅಂತ ಅವರು ಹೇಗೆ ತೀರ್ಮಾನಿಸುತ್ತಾರೆ? ಹತ್ತಿರ ಕಣ್ಣಿಗೆ ಬಿದ್ದ ಬೇರೆ ಬೆಲೆಯ ಜೊತೆ ಹೋಲಿಸುತ್ತಾರೆ. ಹಾಗೆ ಹೋಲಿಕೆಗೆ ಆಧಾರವಾಗಿ ನಿಲ್ಲುವ ಐಟಂ ಅನ್ನು ಆಂಕರ್ ಅನ್ನುತ್ತಾರೆ. ಇದಕ್ಕೆ ಒಳ್ಳೆಯ ಪುರಾವೆ ಇದೆ. 1992ರಲ್ಲಿ ಇತಾಮರ್ ಸೈಮನ್ಸನ್ ಮತ್ತು ಅಮೋಸ್ ಟ್ವೆರ್ಸ್ಕಿ ಪ್ರಕಟಿಸಿದ ಸಂಶೋಧನೆಯಲ್ಲಿ ಜನರಿಗೆ ಎರಡು ಮೈಕ್ರೋವೇವ್ ಒವನ್ ತೋರಿಸಿ ಆರಿಸಲು ಹೇಳಿದ್ದರು. ದುಬಾರಿಯದನ್ನು ಆರಿಸಿದವರು 43%. ಇನ್ನೊಂದು ಗುಂಪಿಗೆ ಅದಕ್ಕಿಂತಲೂ ದುಬಾರಿಯಾದ ಮೂರನೆಯದನ್ನೂ ಸೇರಿಸಿ ತೋರಿಸಿದರು. ಆಗ ನಡುವಿಗೆ ಬಂದ ಅದೇ ಒವನ್ನನ್ನು ಆರಿಸಿದವರು 60%. ಒವನ್ ಬದಲಾಗಿರಲಿಲ್ಲ, ಅದರ ಬೆಲೆಯೂ ಬದಲಾಗಿರಲಿಲ್ಲ. ಅದು ನಿಂತ ಜಾಗ ಬದಲಾಗಿತ್ತು, ಅಷ್ಟೇ.

ನಿಮ್ಮ ಮೆನುವಿನಲ್ಲಿ ಆ ಮೂರನೆಯ ಒವನ್ ಆಗಬೇಕಾದದ್ದು ಮೀನು. ಆದರೆ ಈಗ ಆಗುತ್ತಿಲ್ಲ. 50, 70, 110, ಆಮೇಲೆ ಒಂದೇ ಸಲ 220. ಓದುವವರು ಆ ಕೊನೆಯದನ್ನು ಬೇರೆಯವರಿಗೆ ಬರೆದದ್ದು ಅಂತ ಪಕ್ಕಕ್ಕಿಡುತ್ತಾರೆ. ಉಳಿದದ್ದು 50, 70, 110. ಈಗ ಚಿಕನ್ನೇ ಅತಿ ದುಬಾರಿ ಐಟಂ ಆಗಿಬಿಟ್ಟಿತು, ಅಲ್ವಾ? ಜನ ಮಶ್ರೂಮ್ ಪಾಸ್ತಾಕ್ಕೆ ಇಳಿಯುತ್ತಾರೆ. ನಿಮ್ಮ ನೂರು ಪ್ಲೇಟಿನ ಲೆಕ್ಕವೂ ಅದನ್ನೇ ಹೇಳುತ್ತಿದೆ. ಆಂಕರ್ ಕೆಲಸ ಮಾಡಬೇಕಾದರೆ ‘ಇವತ್ತು ಬೇಡ, ಇನ್ನೊಂದು ಸಲ ತಗೊಳ್ಳಬಹುದು’ ಅಂತಾದರೂ ಅನ್ನಿಸಬೇಕು. ನನ್ನ ಅಂದಾಜಿನಲ್ಲಿ ಅದರ ಕೆಳಗಿನ ಐಟಂಗಿಂತ ಒಂದೂಕಾಲರಿಂದ ಒಂದೂವರೆ ಪಟ್ಟು ಬೆಲೆ ಸರಿಯಾದ ದೂರ. ಇದು ಕಟ್ಟುನಿಟ್ಟಿನ ನಿಯಮ ಅಲ್ಲ, ಆದರೆ ಎರಡು ಪಟ್ಟು ಖಂಡಿತ ಜಾಸ್ತಿ.

ಇನ್ನೊಂದು ಆಂಕರ್ ಕೆಳಗಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಟೊಮ್ಯಾಟೊ ಪಾಸ್ತಾ. ಇದನ್ನು ಎಲ್ಲರೂ ಮಾಡುತ್ತಾರೆ, ಎಲ್ಲ ಕಡೆ ಸಿಗುತ್ತದೆ, ಬೇರೆ ಕಡೆ ಎಷ್ಟು ಅಂತ ಗಿರಾಕಿಗೆ ನೆನಪಿರುತ್ತದೆ. ‘ಈ ಜಾಗ ದುಬಾರಿಯಾ?’ ಅನ್ನೋ ಪ್ರಶ್ನೆಗೆ ಅವರು ಉತ್ತರ ಕಂಡುಕೊಳ್ಳೋದು ಇಂಥ ಐಟಂನಿಂದ. ಇದರ ಬೆಲೆ ಐದು ಏರಿಸಿದರೆ ಸಿಗೋದು ಐದು, ಆದರೆ ಇಡೀ ಮೆನು ದುಬಾರಿ ಅನ್ನಿಸಿಕೊಳ್ಳುತ್ತದೆ. ಆದ್ದರಿಂದ ಅದನ್ನು 50ರಲ್ಲೇ ಬಿಡಿ. ಪ್ಲೇಟ್ ಚಿಕ್ಕದು ಮಾಡಿ ಉಳಿಸಲೂ ಹೋಗಬೇಡಿ. ಬೆಲೆ ಗೊತ್ತಿರುವವರಿಗೆ ಅಳತೆಯೂ ಗೊತ್ತಿರುತ್ತದೆ.

ನಡುವಿನ ಎರಡು ಐಟಂ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿರೋದು. ಮಶ್ರೂಮ್ ಪಾಸ್ತಾದ ಸಾಸು, ಚಿಕನ್ನಿನ ಮಸಾಲೆ ನಿಮ್ಮ ಸ್ವಂತದ್ದು ಆದರೆ ಅದಕ್ಕೆ ಹೊರಗಿನ ಹೋಲಿಕೆ ಇಲ್ಲ. ಹೋಲಿಕೆ ಮೆನುವಿನ ಒಳಗೇ ಸಿಗುತ್ತದೆ. ಮಶ್ರೂಮ್ ಪಾಸ್ತಾವನ್ನು 78 ಮಾಡಿ, ಚಿಕನ್ 125 ಮಾಡಿ. ಆಗ ಸಾಲು 50, 78, 125, 175 ಅಂತ ಆಗುತ್ತದೆ. ಫುಡ್ ಕಾಸ್ಟ್ ಕ್ರಮವಾಗಿ 30, 27, 26, 38%. ಒಂದಕ್ಕೊಂದು ತಾಳೆ ಇಲ್ಲ, ಇರಲೂ ಬೇಕಿಲ್ಲ.

ಫಲ ಏನು? ಮೊದಲು ಕೆಟ್ಟ ಅಂದಾಜೇ ಹಿಡಿಯೋಣ: ಯಾರೂ ಆಯ್ಕೆ ಬದಲಿಸಲಿಲ್ಲ, ಮೊದಲಿನಂತೆ 38, 34, 24, 4. ಕಾಗದದ ಉಳಿಕೆ ಮೊದಲು 5,460 ಇದ್ದದ್ದು 5,912 ಆಗುತ್ತದೆ. ಮೆನುವಿನ ಫುಡ್ ಕಾಸ್ಟ್ 28.4%. ಈಗ ಆಂಕರ್ ಸ್ವಲ್ಪ ಕೆಲಸ ಮಾಡಿತು ಅಂದುಕೊಳ್ಳಿ: 32, 33, 27, 8. ಉಳಿಕೆ 6,357. ಫುಡ್ ಕಾಸ್ಟ್ 29%. ಇದನ್ನು ನಿಧಾನವಾಗಿ ನೋಡಿ. ಕೆಟ್ಟ ಅಂದಾಜಿಗಿಂತ ಒಳ್ಳೆಯ ಅಂದಾಜಿನಲ್ಲಿ ಶೇಕಡಾ ಜಾಸ್ತಿಯಾಗಿದೆ, ಗಲ್ಲಾದಲ್ಲಿ ದುಡ್ಡೂ ಜಾಸ್ತಿಯಾಗಿದೆ. ಶೇಕಡಾ ಒಂದನ್ನೇ ನೋಡುವ ಮಾಲೀಕರು ಇದನ್ನು ಕಂಡು ಗಾಬರಿಯಾಗಿ ಮೀನಿನ ಬೆಲೆಯನ್ನು ಮತ್ತೆ ಏರಿಸುತ್ತಾರೆ. ಪಾಸ್ತಾ ತಿನ್ನಬೇಕಿದ್ದವರು ಮೀನು ತಿಂದರೆ ಪ್ಲೇಟ್‌ಗೆ 35ರ ಬದಲು 109 ಉಳಿಯಿತು ಅನ್ನೋದು ಶೇಕಡಾದಲ್ಲಿ ಕಾಣುವುದೇ ಇಲ್ಲ.

ಬೆಲೆ ಏರಿಸಿದರೆ ಜನ ಕಡಿಮೆ ಆದರೆ ಅನ್ನೋ ಭಯ ಇದ್ದೇ ಇರುತ್ತದೆ. ಅದನ್ನೂ ಅಳೆಯಬಹುದು. ಹೊಸ ಬೆಲೆಯಲ್ಲಿ ಕೆಟ್ಟ ಅಂದಾಜಿನ ಪ್ರಕಾರ ಪ್ಲೇಟ್‌ಗೆ ಸರಾಸರಿ 59 ಉಳಿಯುತ್ತದೆ. ಹಳೆಯ 5,460 ಬರಲು 93 ಪ್ಲೇಟ್ ಸಾಕು. ಅಂದರೆ ನೂರರಲ್ಲಿ ಏಳು ಪ್ಲೇಟ್ ಕಡಿಮೆಯಾದರೂ ನೀವು ಮೊದಲಿನ ಜಾಗದಲ್ಲೇ ಇರುತ್ತೀರಿ. ಬೆಲೆ ಬದಲಿಸುವ ಮೊದಲು ಈ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ನಿರ್ಧಾರ ಭಯದಿಂದ ಆಗುವುದಿಲ್ಲ.

ಮೆನು ಕಾಗದದ ಬಗ್ಗೆ ಎರಡು ಮಾತು. ಮೀನು ಮತ್ತು ಚಿಕನ್ ಒಂದೇ ಗುಂಪಿನಲ್ಲಿ, ಮೀನು ಮೊದಲು ಕಣ್ಣಿಗೆ ಬೀಳುವ ಹಾಗೆ ಇರಲಿ. ಬೇರೆ ಪುಟದಲ್ಲಿ, ಬೇರೆ ಚೌಕದಲ್ಲಿ ಇಟ್ಟರೆ ಹೋಲಿಕೆ ಹುಟ್ಟುವುದಿಲ್ಲ. ಬೆಲೆಗಳನ್ನು ಬಲಗಡೆ ಒಂದರ ಕೆಳಗೊಂದು ಸಾಲಾಗಿ ಜೋಡಿಸಬೇಡಿ. ಹಾಗೆ ಮಾಡಿದರೆ ಕಣ್ಣು ಐಟಂ ಬಿಟ್ಟು ಸಂಖ್ಯೆಯ ಮೇಲೆ ಜಾರಿ ಅತಿ ಕಡಿಮೆಯದಕ್ಕೆ ಹೋಗಿ ನಿಲ್ಲುತ್ತದೆ. ವಿವರಣೆ ಮುಗಿದಲ್ಲೇ, ಅದೇ ಅಕ್ಷರದಲ್ಲಿ ಬೆಲೆ ಬರಲಿ. ಮತ್ತೆ, ಮಧ್ಯಾಹ್ನದ ಅಗ್ಗದ ಕಾಂಬೊ ಏನಾದರೂ ಇದ್ದರೆ ಅದನ್ನು ಇದೇ ಪಟ್ಟಿಯ ತಲೆಯ ಮೇಲೆ ಕೂರಿಸಬೇಡಿ. ಆಂಕರ್ ಕೆಳಕ್ಕೂ ಎಳೆಯುತ್ತದೆ. 35ರ ಕಾಂಬೊ ಓದಿದವರಿಗೆ 78 ದುಬಾರಿಯಾಗಿಯೇ ಕಾಣುತ್ತದೆ. ಅದಕ್ಕೆ ಪ್ರತ್ಯೇಕ ಚೀಟಿ ಇರಲಿ, ಮಧ್ಯಾಹ್ನ ಮಾತ್ರ ಕೊಡಿ.

ಇದಕ್ಕೆಲ್ಲ ಒಂದು ಮಿತಿ ಇದೆ. ಮೆನುವಿನ ಒಳಗಿನ ಆಂಕರ್ ಹೊಸಬರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ವಾರಕ್ಕೆರಡು ಸಲ ಬರುವವರಿಗೆ ಆಂಕರ್ ಅಂದರೆ ಹೋದ ವಾರ ಕೊಟ್ಟ ಬೆಲೆ. 110 ಇದ್ದ ಚಿಕನ್ 125 ಆದದ್ದು ಅವರಿಗೆ ತಕ್ಷಣ ಗೊತ್ತಾಗುತ್ತದೆ, ಪಕ್ಕದ ಮೀನು ಎಷ್ಟೇ ಇರಲಿ. ನಿಮ್ಮಲ್ಲಿ ಅಂಥವರೇ ಜಾಸ್ತಿ ಇದ್ದರೆ ಒಂದೇ ಸಲ ಏರಿಸಬೇಡಿ. ಮೊದಲು ಮೀನು ಇಳಿಸಿ, ಮಶ್ರೂಮ್ ಪಾಸ್ತಾ 74, ಚಿಕನ್ 118 ಮಾಡಿ. ಮೂರು ನಾಲ್ಕು ತಿಂಗಳು ಬಿಟ್ಟು ಉಳಿದದ್ದು. ಏರಿಸುವಾಗ ಪ್ಲೇಟಿನಲ್ಲಿ ಕಣ್ಣಿಗೆ ಕಾಣುವ ಏನನ್ನಾದರೂ ಬದಲಿಸಿ, ಹುರಿದ ತರಕಾರಿ ಒಂದು ಬಗೆ ಜಾಸ್ತಿ, ಇನ್ನೊಂದು ಸಾಸು. ಅದರ ಖರ್ಚು ಎರಡು ದಾಟಬಾರದು, ರೆಸಿಪಿ ಕಾರ್ಡಿನಲ್ಲೂ ಬರೆಯಬೇಕು.

ನಾಲ್ಕು ವಾರ ಆದ ಮೇಲೆ ಮಾರಾಟದ ದುಡ್ಡಿನ ಬದಲು ಪ್ಲೇಟುಗಳ ಎಣಿಕೆ ನೋಡಿ. ಟೊಮ್ಯಾಟೊ ಪಾಸ್ತಾದ ಪಾಲು 38ರಿಂದ ಮೇಲೆ ಹೋಗಿದ್ದರೆ ಜನ ಏರಿದ ಬೆಲೆಯಿಂದ ತಪ್ಪಿಸಿಕೊಂಡು ಕೆಳಗಿಳಿಯುತ್ತಿದ್ದಾರೆ. ಮಶ್ರೂಮ್ ಪಾಸ್ತಾವನ್ನು ಸ್ವಲ್ಪ ಹಿಂದಕ್ಕೆ ತನ್ನಿ. ಮೇನ್ ಕೋರ್ಸ್ ಪಾಲು ಸರಿಯಿದ್ದು ಸೂಪು, ಜ್ಯೂಸು, ಸಿಹಿ ಕಡಿಮೆಯಾಗಿದ್ದರೆ ಅವರು ಒಟ್ಟು ಬಿಲ್ಲನ್ನು ಹಿಡಿದಿಟ್ಟುಕೊಳ್ಳುತ್ತಿದ್ದಾರೆ. ಇದು ಐಟಂವಾರು ಲೆಕ್ಕದಲ್ಲಿ ಕಾಣೋದಿಲ್ಲ. ಆದ್ದರಿಂದ ಒಬ್ಬ ಗಿರಾಕಿಗೆ ಎಷ್ಟು ಉಳಿಯಿತು ಅನ್ನೋದನ್ನೂ ಹಾಕಿ ನೋಡಿ. ಚಿಕನ್ ಪಾಲು ಏರಿದ್ದರೆ, ಮೀನು ನಾಲ್ಕರಲ್ಲೇ ನಿಂತಿದ್ದರೂ ಆಂಕರ್ ತನ್ನ ಕೆಲಸ ಮಾಡಿದೆ. ಆಗ ಮೀನು ತರೋದನ್ನು ಐದು ಪ್ಲೇಟಿಗೆ ಇಳಿಸಿ, ಮುಗಿದ ದಿನ ಮುಗಿಯಿತು ಅಂತ ಹೇಳಿ.

ಎರಡೂ ಆಗದಿದ್ದರೆ, ಅಂದರೆ ಮೀನೂ ಹೋಗದೆ ಚಿಕನ್ನೂ ಏರದೆ ಇದ್ದರೆ, ಆಗ ಮೀನು ಬದಲಿಸಿ. ಆದರೆ ಆ ಜಾಗ ಖಾಲಿ ಬಿಡಬೇಡಿ. ಈಗಾಗಲೇ ಅಡುಗೆಮನೆಗೆ ಬರುವ ಸಾಮಾನಿನಿಂದಲೇ ದೊಡ್ಡ ಐಟಂ ಒಂದನ್ನು ಮಾಡಿ, ಉದಾಹರಣೆಗೆ ಅರ್ಧ ಕೋಳಿ, ಎರಡು ಸಾಸು, ಹುರಿದ ಮಶ್ರೂಮ್ ಇರುವ ಪ್ಲ್ಯಾಟರ್. ಅದನ್ನು 175ರ ಹತ್ತಿರ ಇಡಿ. ಅದು ದಿನಕ್ಕೆ ಒಂದೂ ಹೋಗದಿದ್ದರೂ ಎಸೆಯುವುದು ಏನೂ ಇರುವುದಿಲ್ಲ, ಅದೇ ಕೋಳಿ ಗ್ರಿಲ್ಡ್ ಚಿಕನ್‌ಗೆ ಹೋಗುತ್ತದೆ.